ಅರವತ್ತರ ಮೇಲಿನ ಮೈಗೆ ಎರಡು ಡಬ್ಬಿ ಸಾಕು

ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ಕೂತು ನಿವೃತ್ತಳಾದವಳು ನಾನು. ಡಿಸೆಂಬರ್ ಬಂತೆಂದರೆ ಮೊಣಕಾಲಿನ ಕೆಳಗೆ ಕೆರೆದುಕೊಳ್ಳುತ್ತಾ ಬರುವ ಹಿರಿಯರ ಸಾಲು ಬೆಳೆಯುತ್ತಿತ್ತು. ಅವರಲ್ಲಿ ಬಹಳ ಮಂದಿಗೆ ಬೇಕಿದ್ದದ್ದು ನವೆಯ ಮಾತ್ರೆಯಲ್ಲ. ಸೋಪು ಬದಲಾಗಬೇಕಿತ್ತು, ಕ್ರೀಮು ದಪ್ಪಗಾಗಬೇಕಿತ್ತು, ಹಚ್ಚುವ ಪ್ರಮಾಣ ನಾಲ್ಕು ಪಟ್ಟು ಹೆಚ್ಚಬೇಕಿತ್ತು. ಈಗ ಅರವತ್ತಕ್ಕೆ ಕಾಲಿಟ್ಟ ತಂಗಿಯರು, ನಾದಿನಿಯರು, ವಾಕಿಂಗ್ ಗೆಳತಿಯರು ಮೊಬೈಲಿನಲ್ಲಿ ಹತ್ತಾರು ಸೀರಮ್ಮುಗಳ ಚಿತ್ರ ತೋರಿಸಿ "ಅಕ್ಕಾ, ಇದರಲ್ಲಿ ಯಾವುದು ತಗೊಳ್ಳಲಿ?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

• ಮೊದಲು ನಿಮ್ಮ ಚರ್ಮ ಹೇಗಿದೆ ಅಂತ ನೋಡಿಕೊಳ್ಳಿ. ಸ್ನಾನ ಮಾಡಿ ಒರೆಸಿಕೊಂಡು, ಏನೂ ಹಚ್ಚದೆ ಹತ್ತು ನಿಮಿಷ ಸುಮ್ಮನಿರಿ. ಮುಖ ಬಿಗಿದು ಎಳೆದಂತಾದರೆ, ಮುಂಗಾಲಿನ ಮೇಲೆ ಉಗುರಿನಿಂದ ಮೆಲ್ಲಗೆ ಗೀರಿದಾಗ ಬಿಳಿ ಗೆರೆ ಉಳಿದರೆ, ಕಪ್ಪು ಕಾಲುಚೀಲ ತೆಗೆದಾಗ ಒಳಗೆ ಹೊಟ್ಟಿನಂಥ ಪುಡಿ ಕಂಡರೆ ಚರ್ಮಕ್ಕೆ ಎಣ್ಣೆಯಂಶ ಸಾಲುತ್ತಿಲ್ಲ ಎಂದೇ ಅರ್ಥ. ಮುಟ್ಟು ನಿಂತ ಮೇಲೆ ಹೆಂಗಸರ ಚರ್ಮದಲ್ಲಿ ಜಿಡ್ಡು ಒಸರುವುದು ಬೇಗ ಕಡಿಮೆಯಾಗುತ್ತದೆ. ಗಂಡಸರಲ್ಲಿ ಅದು ಇನ್ನೂ ಕೆಲವು ವರ್ಷ ಮುಂದುವರಿಯುತ್ತದೆ. ಅದಕ್ಕೇ ಒಂದೇ ಸೋಪು ಬಳಸುವ ಮನೆಯಲ್ಲಿ ಯಜಮಾನರಿಗೆ ಏನೂ ಆಗದೆ, ಹೆಂಡತಿಯ ಕಾಲು ಮಾತ್ರ ಬಿರಿಯುವುದುಂಟು. "ನನಗೇನೂ ಆಗಿಲ್ಲವಲ್ಲ, ನಿನ್ನದೆಲ್ಲ ಮನಸ್ಸಿನ ನವೆ" ಅನ್ನುವ ಗಂಡಂದಿರಿಗೆ ಈ ಸಾಲನ್ನು ಓದಿ ಹೇಳಿ.

ಮೇಲ್ಪದರದ ಜೀವಕೋಶಗಳ ನಡುವೆ ಇರುವ ಕೊಬ್ಬಿನಂಶಗಳೇ ಒಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುವುದು. ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲಗಳು ಅಂತ ಅವಕ್ಕೆ ಹೆಸರು. ವಯಸ್ಸಾದ ಮೇಲೆ ಇವು ಕಡಿಮೆಯಾಗುತ್ತವೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಒಮ್ಮೆ ಕೆಟ್ಟ ಮೇಲ್ಪದರ ಮತ್ತೆ ಸರಿಯಾಗಲು ಹರೆಯದಲ್ಲಿ ಹಿಡಿಯುತ್ತಿದ್ದುದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ. ಇಪ್ಪತ್ತೈದರಲ್ಲಿ ಬೆಳಿಗ್ಗೆ ತಿಕ್ಕಿದ್ದು ಮರುದಿನಕ್ಕೆ ಮಾಯವಾಗಿರುತ್ತಿತ್ತು. ಈಗ ನಿನ್ನೆಯದು ಸರಿಹೋಗುವ ಮೊದಲೇ ಇವತ್ತಿನ ತಿಕ್ಕಾಟ ಶುರುವಾಗಿರುತ್ತದೆ.

• ಹಾಗಾಗಿ ಕ್ರೀಮಿಗಿಂತ ಮೊದಲು ಸೋಪಿನ ಕಡೆ ನೋಡಿ. ಎಣ್ಣೆ ಮತ್ತು ಕ್ಷಾರ ಸೇರಿ ಆದದ್ದು ಸೋಪು. ಎಷ್ಟೇ ದುಬಾರಿಯದಾದರೂ, ಎಷ್ಟೇ ಸುವಾಸನೆಯದಾದರೂ ಅದರ ಪಿಎಚ್ ಸಾಮಾನ್ಯವಾಗಿ 9ರಿಂದ 10. ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಹೆಚ್ಚುಕಡಿಮೆ 5ರ ಆಸುಪಾಸು. ಸೋಪು ಕೊಳೆಯ ಜೊತೆಗೆ ಆ ಕೊಬ್ಬನ್ನೂ ಎತ್ತಿಕೊಂಡು ಹೋಗುತ್ತದೆ, ಚರ್ಮದ ಆಮ್ಲೀಯತೆಯನ್ನೂ ಕೆಲವು ಗಂಟೆ ಕೆಡಿಸುತ್ತದೆ.

ಅಂಗಡಿಯಲ್ಲಿ "ಇದು ಗ್ರೇಡ್ ಒಂದರ ಸೋಪು ಅಮ್ಮಾ, ಒಳ್ಳೆಯದು" ಅನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಭಾರತೀಯ ಮಾನಕದ ಪ್ರಕಾರ ಗ್ರೇಡ್ ಒಂದರಲ್ಲಿ ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನಂಶ, ಕನಿಷ್ಠ ಶೇಕಡಾ 76 ಇರಬೇಕು. ಗ್ರೇಡ್ ಎರಡಕ್ಕೆ 70, ಮೂರಕ್ಕೆ 60. ಹೆಚ್ಚು ಟಿಎಫ್‌ಎಂ ಇದ್ದರೆ ತುಂಬುಪುಡಿ ಕಡಿಮೆ, ಸೋಪು ಬೇಗ ಕರಗಿ ಹೋಗುವುದಿಲ್ಲ. ಆದರೆ ಈ ಅಂಕಿ ಸೋಪಿನ ಗಟ್ಟಿತನ ಹೇಳುತ್ತದೆಯೇ ಹೊರತು ಅದರ ಕ್ಷಾರಗುಣವನ್ನಲ್ಲ. ಗ್ರೇಡ್ ಒಂದೂ ಸೋಪೇ.

• ಅದರ ಬದಲು ಕೇಳಬೇಕಾದದ್ದು ಸಿಂಡೆಟ್ ಬಾರ್. ನೋಡಲು ಸೋಪಿನ ಬಿಲ್ಲೆಯಂತೆಯೇ ಇರುತ್ತದೆ, ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ, ಪಿಎಚ್ 5.5ರಿಂದ 7ರ ಒಳಗಿರುತ್ತದೆ. ಹೆಸರನ್ನು ನಂಬಬೇಡಿ, ಹಿಂದಿನ ಸಣ್ಣಕ್ಷರ ಓದಿಸಿ. ಪದಾರ್ಥಗಳ ಪಟ್ಟಿಯ ಮೊದಲಲ್ಲೇ ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಅಂತ ಇದ್ದರೆ ಅದು ಸಿಂಡೆಟ್. ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನಲೇಟ್ ಅಂತ ಶುರುವಾದರೆ ಮೇಲೆ ಹಾಲಿನ ಚಿತ್ರವಿರಲಿ, ಬಾದಾಮಿಯ ಚಿತ್ರವಿರಲಿ, ಅದು ಸೋಪು. ಕಣ್ಣಿಗೆ ಕಾಣದಿದ್ದರೆ ಮೊಮ್ಮಗನ ಮೊಬೈಲಿನಲ್ಲಿ ಫೋಟೋ ತೆಗೆಸಿ ದೊಡ್ಡದು ಮಾಡಿ ಓದಿ.

ಸಿಂಡೆಟ್‌ಗೆ ನೊರೆ ಕಡಿಮೆ ಬರುತ್ತದೆ, ತೊಳೆದ ಮೇಲೂ ಮೈ ಸ್ವಲ್ಪ ಜಾರಿದಂತೆ ಅನಿಸುತ್ತದೆ. ಇದನ್ನೇ ಹಲವರು "ಕೊಳೆ ಹೋಗಲೇ ಇಲ್ಲ" ಅಂದುಕೊಂಡು ವಾರದೊಳಗೆ ಬಿಟ್ಟುಬಿಡುತ್ತಾರೆ. ಕಿರ್ರ್ ಎನ್ನುವಷ್ಟು ತೊಳೆಯುವುದೇ ಚೊಕ್ಕಟ ಅಂತ ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಈ ವಯಸ್ಸಿನಲ್ಲಿ ಆ ಕಿರ್ರ್ ಶಬ್ದ ಬಂತೆಂದರೆ ಉಳಿಯಬೇಕಾದದ್ದೂ ತೊಳೆದುಹೋಯಿತು ಅಂತಲೇ ತಿಳಿಯಬೇಕು. ಒಂದು ತಿಂಗಳು ಸಹಿಸಿಕೊಳ್ಳಿ.

• ಬೋರ್‌ವೆಲ್ ನೀರಿನ ಊರಿನವರು ಇದನ್ನು ಇನ್ನೂ ಗಮನವಿಟ್ಟು ಓದಬೇಕು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಹೊರಬಡಾವಣೆಗಳು, ಬಯಲುಸೀಮೆಯ ಎಷ್ಟೋ ಊರು ಈ ಲೆಕ್ಕದಲ್ಲಿ ಬರುತ್ತವೆ. ಬಕೆಟ್ಟಿನ ಅಂಚಿಗೆ, ನಲ್ಲಿಯ ಮೂತಿಗೆ ಬಿಳಿ ಕರೆ ಕಟ್ಟುತ್ತಿದ್ದರೆ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಜಿಗುಟು ಗಸಿಯಾಗುತ್ತದೆ. ಬಚ್ಚಲ ಕಲ್ಲಿನ ಮೇಲೆ ಕೂರುವ ಆ ಗಸಿಯೇ ನಮ್ಮ ಕಾಲಿನ ಮೇಲೂ ಕೂರುತ್ತದೆ, ಸುಲಭವಾಗಿ ತೊಳೆದುಹೋಗುವುದಿಲ್ಲ, ಕೂತಲ್ಲೇ ಚುರುಚುರು ಅನ್ನಿಸುತ್ತದೆ. ಸಿಂಡೆಟ್‌ಗೆ ಹೀಗೆ ಗಸಿ ಕಟ್ಟುವ ಗುಣವಿಲ್ಲ. ನೀರು ಮೆದುಮಾಡುವ ದುಬಾರಿ ಯಂತ್ರ ಕೊಳ್ಳುವ ಮೊದಲು ಬಿಲ್ಲೆ ಬದಲಿಸಿ ನೋಡಿ.

• ಬಿಸಿನೀರು ಉಗುರುಬೆಚ್ಚಗಿರಲಿ, ಸ್ನಾನ ಹತ್ತು ನಿಮಿಷದೊಳಗೆ ಮುಗಿಯಲಿ. ಹಂಡೆಯ ಕುದಿನೀರು ಹೊಯ್ದುಕೊಂಡರೆ ನವೆಗೆ ಆ ಕ್ಷಣ ಹಿತವಾಗುತ್ತದೆ, ಅರ್ಧ ಗಂಟೆ ಕಳೆದ ಮೇಲೆ ಎರಡರಷ್ಟಾಗಿ ವಾಪಸ್ಸು ಬರುತ್ತದೆ. ಸಿಂಡೆಟ್ ಆದರೂ ದಿನವೂ ಮೈತುಂಬ ಬೇಡ. ಕಂಕುಳು, ತೊಡೆಸಂದು, ಪಾದ, ಕುತ್ತಿಗೆಯ ಮಡಿಕೆ, ಇಷ್ಟಕ್ಕೆ ಸಾಕು. ಮುಂಗಾಲು, ತೋಳು, ಬೆನ್ನಿಗೆ ಬರೀ ನೀರು. ಮೆಟ್ಟುಗಲ್ಲು, ನಾರು, ನೈಲಾನ್ ಜಾಲರಿಗಳನ್ನು ಹಿಮ್ಮಡಿಗೆ ಮಾತ್ರ ಇಟ್ಟುಕೊಳ್ಳಿ. ನೀರಿಗೆ ಕ್ರಿಮಿನಾಶಕ ದ್ರಾವಣ ಬೆರೆಸುವ ಅಭ್ಯಾಸ ನವೆ ಇರುವ ಮನೆಗಳಲ್ಲೇ ಹೆಚ್ಚು, ನವೆಯನ್ನು ಹೆಚ್ಚಿಸುವುದೂ ಅದೇ.

ಮುಖಕ್ಕೆ ಬೆಳಿಗ್ಗೆ ಬರೀ ನೀರು, ರಾತ್ರಿ ಒಮ್ಮೆ ಸಿಂಡೆಟ್ ಅಥವಾ ನೊರೆಯಿಲ್ಲದ ಕ್ಲೆನ್ಸರ್. ದಿನವೆಲ್ಲ ಮನೆಯಲ್ಲೇ ಇದ್ದು ಪೌಡರ್ ಸಹ ಹಾಕದಿದ್ದರೆ ರಾತ್ರಿಯೂ ನೀರೇ ಸಾಕು.

• ದಪ್ಪ ಅಂದರೆ ಯಾವುದು ಅಂತ ತಿಳಿದುಕೊಂಡು ಕೊಳ್ಳಿ. ಲೋಶನ್‌ನಲ್ಲಿ ಹೆಚ್ಚು ಪಾಲು ನೀರು, ಅದಕ್ಕೇ ಬಾಟಲಿಯಿಂದ ಸುರಿಯುತ್ತದೆ. ಹಚ್ಚಿದಾಗ ತಂಪು, ಒಂದು ಗಂಟೆಯಲ್ಲಿ ಏನೂ ಇರುವುದಿಲ್ಲ. ಕ್ರೀಮಿನಲ್ಲಿ ಎಣ್ಣೆಯಂಶ ಹೆಚ್ಚು, ಡಬ್ಬಿ ಬೋರಲು ಹಾಕಿದರೂ ಬೀಳುವುದಿಲ್ಲ. ಮುಲಾಮಿನಲ್ಲಿ ನೀರು ಇಲ್ಲವೇ ಇಲ್ಲ ಎನ್ನಬಹುದು. ಬಿಳಿ ಪೆಟ್ರೋಲಿಯಂ ಜೆಲ್ಲಿ ಈ ಜಾತಿಯದು. ನೀರು ಆರದಂತೆ ತಡೆಯುವುದರಲ್ಲಿ ಇದನ್ನು ಮೀರಿಸುವ ವಸ್ತು ಸುಲಭವಾಗಿ ಸಿಗುವುದಿಲ್ಲ, ಬೆಲೆಯೂ ಎಲ್ಲಕ್ಕಿಂತ ಕಡಿಮೆ. ಜಿಡ್ಡು ಅಂತ ಮಾತ್ರ ಜನ ದೂರ ಇಡುತ್ತಾರೆ.

ನಾನು ಹೇಳುವುದು ಹೀಗೆ. ಹಗಲಿಗೆ ಕ್ರೀಮು, ರಾತ್ರಿ ಬಿರಿದ ಜಾಗಕ್ಕೆ ಮುಲಾಮು. ಕರಾವಳಿಯ ಸೆಕೆಯಲ್ಲಿ, ಏಪ್ರಿಲ್‌ನ ಬೆವರಿನಲ್ಲಿ ಲೋಶನ್ ಸಾಕಾಗಬಹುದು. ಬೀದರ್, ಧಾರವಾಡ, ಮೈಸೂರಿನ ಚಳಿಗೆ ಸಾಲದು. ಔಷಧಿ ಅಂಗಡಿಯಲ್ಲಿ ವೈಟ್ ಸಾಫ್ಟ್ ಪ್ಯಾರಾಫಿನ್ ಮತ್ತು ಲೈಟ್ ಲಿಕ್ವಿಡ್ ಪ್ಯಾರಾಫಿನ್ ಸೇರಿದ ಕ್ರೀಮ್ ಕೇಳಿ. ಬೇರೆ ಬೇರೆ ಕಂಪನಿಗಳು ಮಾಡುತ್ತವೆ, ಗುಣ ಹೆಚ್ಚುಕಡಿಮೆ ಒಂದೇ. ಗ್ಲಿಸರಿನ್ ಅಥವಾ ಸೆರಮೈಡ್ ಇದ್ದರೆ ಒಳ್ಳೆಯದು. ಪರಿಮಳ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಮಕ್ಕಳ ಕ್ರೀಮ್ ಮೃದು ಅಂತ ಕಣ್ಣು ಮುಚ್ಚಿ ಕೊಳ್ಳಬೇಡಿ, ಅವುಗಳಲ್ಲಿ ಹಲವಕ್ಕೆ ಧಾರಾಳವಾಗಿ ಸುಗಂಧ ಹಾಕಿರುತ್ತಾರೆ.

ಯೂರಿಯಾ ಇರುವ ಕ್ರೀಮು ಶೇಕಡಾ 5ರಿಂದ 10ರಷ್ಟಿದ್ದರೆ ಒರಟು ಚರ್ಮಕ್ಕೆ ಬಹಳ ಒಳ್ಳೆಯದು, ಅದು ನೀರನ್ನು ಹಿಡಿದಿಡುತ್ತದೆ. ಶೇಕಡಾ 20 ದಾಟಿದರೆ ಅದು ದಪ್ಪಗಟ್ಟಿದ ಚರ್ಮವನ್ನು ಸುಲಿಯುವ ಔಷಧ, ಹಿಮ್ಮಡಿಗೆ ಮಾತ್ರ. ಬಿರಿದು ಕೆಂಪಾದ ಕಡೆ ಯೂರಿಯಾ ಉರಿಯುತ್ತದೆ. ಉರಿ ಬಂದರೆ ತೊಳೆದು, ಪ್ಯಾರಾಫಿನ್ ಕ್ರೀಮಿಗೆ ಬನ್ನಿ. ಬಿರುಕು ಮುಚ್ಚಿದ ಮೇಲೆ ಯೂರಿಯಾ ಮತ್ತೆ ಶುರುಮಾಡಬಹುದು.

• ಇನ್ನು ಪ್ರಮಾಣ. ಹೆಚ್ಚಿನವರು ಸೋಲುವುದು ಇಲ್ಲೇ. ಟ್ಯೂಬಿನಿಂದ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಕ್ರೀಮನ್ನು ಉದ್ದಕ್ಕೆ ಹಿಂಡಿದರೆ ಅದು ಒಂದು ಬೆರಳತುದಿ ಅಳತೆ, ಸುಮಾರು ಅರ್ಧ ಗ್ರಾಂ. ಚರ್ಮರೋಗ ವೈದ್ಯರು ಬಳಸುವ ಅಳತೆ ಇದು. ಬೆರಳು ಜೋಡಿಸಿದ ಎರಡು ಅಂಗೈಗಳಷ್ಟು ಜಾಗಕ್ಕೆ ಇಷ್ಟು ಬೇಕು. ಮುಖ ಮತ್ತು ಕುತ್ತಿಗೆಗೆ ಎರಡೂವರೆ, ಒಂದು ಕೈಗೆ ತೋಳಿನಿಂದ ಅಂಗೈತನಕ ನಾಲ್ಕು, ಒಂದು ಕಾಲಿಗೆ ತೊಡೆಯಿಂದ ಪಾದದವರೆಗೆ ಎಂಟು.

ಈಗ ಲೆಕ್ಕ ಹಾಕಿ. ಎರಡು ಕಾಲಿಗೆ ಹದಿನಾರು ಬೆರಳತುದಿ, ಅಂದರೆ 8 ಗ್ರಾಂ. ಎರಡು ಕೈಗೆ ಎಂಟು, ಅಂದರೆ 4 ಗ್ರಾಂ. ದಿನಕ್ಕೆ ಒಮ್ಮೆ ಹಚ್ಚಿದರೂ 12 ಗ್ರಾಂ. 50 ಗ್ರಾಮಿನ ಚಂದದ ಡಬ್ಬಿ ನಾಲ್ಕು ದಿನಕ್ಕೆ ಮುಗಿಯಬೇಕು. ಅದೇ ಡಬ್ಬಿ ಮೂರು ತಿಂಗಳು ಬಂತು ಅಂದರೆ ಹಚ್ಚಿದ್ದು ಮುಟ್ಟಿಸಿದಷ್ಟೇ. 400–500 ಗ್ರಾಮಿನ ಸಾದಾ ಡಬ್ಬಿ ಕೊಂಡರೆ ಸುಮಾರು ಒಂದು ತಿಂಗಳಿಂದ ನಲವತ್ತು ದಿನ ಬರುತ್ತದೆ. ದುಬಾರಿ ಕ್ರೀಮನ್ನು ಚಿಟಿಕೆ ಚಿಟಿಕೆ ಹಚ್ಚುವುದಕ್ಕಿಂತ ಅಗ್ಗದ ಕ್ರೀಮನ್ನು ಕೈತುಂಬ ಹಚ್ಚುವುದು ಮೇಲು ಅಂತ ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಹಚ್ಚುವ ಹೊತ್ತೂ ಅಷ್ಟೇ ಮುಖ್ಯ. ಟವಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ತುಸು ಒದ್ದೆಯಿರುವಾಗಲೇ, ಮೂರು ನಿಮಿಷದೊಳಗೆ ಹಚ್ಚಿ. ಕೂದಲು ಬೆಳೆದ ದಿಕ್ಕಿನಲ್ಲಿ, ಮೇಲಿನಿಂದ ಕೆಳಕ್ಕೆ ಸವರಿ. ಎದುರು ದಿಕ್ಕಿನಲ್ಲಿ ತಿಕ್ಕಿದರೆ ಕೂದಲ ಬುಡದಲ್ಲಿ ಸಣ್ಣ ಕೀವುಗುಳ್ಳೆ ಏಳುತ್ತವೆ, ಆಗ "ಈ ಕ್ರೀಮು ನನಗೆ ಆಗಿಬರಲಿಲ್ಲ" ಅಂತ ಬಿಡುವುದಾಗುತ್ತದೆ.

• ಕೋಲಾರದ ಕಡೆಯ ನನ್ನ ಅತ್ತಿಗೆಯ ಕಥೆ ಹೇಳುತ್ತೇನೆ, ಇಡೀ ವಿಷಯ ಅದರಲ್ಲಿದೆ. ಆಗ ಅವರಿಗೆ ಅರವತ್ತೆಂಟು. ಸಂಕ್ರಾಂತಿಯ ಹೊತ್ತಿಗೆ ಎರಡೂ ಮುಂಗಾಲು ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದಂತೆ ಬಿರಿದಿತ್ತು, ಬಿರುಕಿನ ಅಂಚು ಕೆಂಪಗೆ, ಅಲ್ಲಲ್ಲಿ ಕೆರೆದು ರಕ್ತ. ರಾತ್ರಿ ನಿದ್ದೆಯಿಲ್ಲ. ಒಣಚರ್ಮದಿಂದಲೇ ಬರುವ ಒಂದು ಬಗೆಯ ಎಕ್ಸಿಮಾ ಅದು, ಹಿರಿಯರ ಮುಂಗಾಲಿಗೇ ಅದರ ಮೆಚ್ಚು.

ಅವರ ಬಚ್ಚಲಿನ ಗೂಡು ನೋಡಿದೆ. ದಿನಕ್ಕೆರಡು ಸಲ ಸೋಪಿನ ಸ್ನಾನ, ನೀರು ಬೋರಿನದು, ಕುದಿಕುದಿ. ಅಮೆರಿಕದಲ್ಲಿರುವ ಮಗಳು ಪ್ರೀತಿಯಿಂದ ಕಳಿಸಿದ ಟೋನರ್, ಗ್ಲೈಕೋಲಿಕ್ ಆಮ್ಲ, ವಿಟಮಿನ್ ಸಿ ಸೀರಮ್, ರೆಟಿನಾಲ್, ಇನ್ನೊಂದು ಕಣ್ಣಿನ ಕ್ರೀಮು. ಮುಖಕ್ಕೆ ಹಚ್ಚಿ ಮಿಕ್ಕಿದ್ದನ್ನು ಅತ್ತಿಗೆ ಕಾಲಿಗೂ ಸವರುತ್ತಿದ್ದರು, ದುಡ್ಡು ಕೊಟ್ಟದ್ದು ವ್ಯರ್ಥ ಆಗಬಾರದಲ್ಲ ಅಂತ. ಬಿರಿದ ಚರ್ಮದ ಮೇಲೆ ಆಮ್ಲ ಬಿದ್ದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ.

ಗೂಡು ಖಾಲಿ ಮಾಡಿಸಿದೆ. ದಿನಕ್ಕೆ ಒಂದೇ ಸ್ನಾನ, ಉಗುರುಬೆಚ್ಚಗೆ, ಕಾಲಿಗೆ ಬರೀ ನೀರು. ಒರೆಸಿದ ಕೂಡಲೇ ಪ್ಯಾರಾಫಿನ್ ಕ್ರೀಮು ಕಾಲಿಗೆ ಎಂಟು ಬೆರಳತುದಿಯಂತೆ. ಮಧ್ಯಾಹ್ನ ಇನ್ನೊಮ್ಮೆ ಬಿರಿದ ಜಾಗಕ್ಕೆ. ಮಲಗುವಾಗ ಅದರ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ, ಸಡಿಲ ಹತ್ತಿಯ ಕಾಲುಚೀಲ. ಕೆಂಪಗಾದ ಭಾಗಕ್ಕೆ ಮಾತ್ರ ಚರ್ಮವೈದ್ಯರು ಒಂದು ಲಘು ಸ್ಟೆರಾಯ್ಡ್ ಮುಲಾಮು ಕೆಲವು ದಿನಕ್ಕೆ ಬರೆದುಕೊಟ್ಟರು, ಅವಧಿ ಮುಗಿದೊಡನೆ ನಿಲ್ಲಿಸಿದೆವು. ನಾಲ್ಕೈದು ದಿನದಲ್ಲಿ ನಿದ್ದೆ ಬಂತು. ಹದಿನೈದು ದಿನದಲ್ಲಿ ಬಿರುಕು ಕೂಡಿತು. ಕೂಡಿದ ಮೇಲೂ ಕ್ರೀಮು ಬಿಡಬಾರದು ಅನ್ನುವುದೇ ಅವರಿಗೆ ಒಪ್ಪಿಸಲು ಕಷ್ಟವಾದ ಮಾತು. ವಾಸಿಯಾಯಿತಲ್ಲ, ಇನ್ನೇಕೆ ಅನ್ನುವರು. ಇದು ವಾಸಿಯಾಗುವ ಕಾಯಿಲೆಯಲ್ಲ, ಚರ್ಮದ ಈಗಿನ ಸ್ಥಿತಿ. ಬಿಟ್ಟ ಹತ್ತು ಹದಿನೈದು ದಿನಕ್ಕೆ ಮತ್ತೆ ಬಿರಿಯುತ್ತದೆ.

• ಮಗಳು ಕಳಿಸಿದ ಸೀರಮ್ಮುಗಳಲ್ಲಿ ಒಳ್ಳೆಯದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ರೆಟಿನಾಲ್ ಮುಖದ ಸುಕ್ಕು, ಕಲೆಗಳ ಮೇಲೆ ಕೆಲಸ ಮಾಡುವುದು ನಿಜ. ಆದರೆ ಐದು ಬಾಟಲಿ ಅಂದರೆ ಐದು ಬಗೆಯ ಸುಗಂಧ, ಐದು ಬಗೆಯ ಕೆಡದಂತೆ ಇಡುವ ರಾಸಾಯನಿಕ. ಮುಖ ಕೆಂಪಾದರೆ ಯಾವುದರಿಂದ ಅಂತ ಯಾರಿಗೂ ಹೇಳಲಾಗದು. ಆಮ್ಲ ಮೇಲ್ಪದರವನ್ನು ತೆಳ್ಳಗೆ ಮಾಡಿದ ರಾತ್ರಿಯೇ ರೆಟಿನಾಲ್ ಬಿದ್ದರೆ ನಮ್ಮ ಚರ್ಮ ತಾಳುವುದಿಲ್ಲ.

ಒಂದನ್ನು ಇಟ್ಟುಕೊಳ್ಳಲೇಬೇಕೆಂದರೆ ರೆಟಿನಾಲ್ ಇಟ್ಟುಕೊಳ್ಳಿ, ಉಳಿದದ್ದು ಬೇಡ. ಮೊದಲು ಒಂದು ತಿಂಗಳು ಬರೀ ಸಿಂಡೆಟ್ ಮತ್ತು ಕ್ರೀಮು. ಬಿಗಿತ ಪೂರ್ತಿ ಹೋದ ಮೇಲೆ, ವಾರಕ್ಕೆ ಎರಡು ರಾತ್ರಿ, ಬಟಾಣಿ ಕಾಳಿನಷ್ಟು, ಕ್ರೀಮಿನ ಮೇಲೆಯೇ, ಕಣ್ಣು ಮತ್ತು ತುಟಿಯ ಅಂಚು ಬಿಟ್ಟು. ಸಿಪ್ಪೆ ಏಳತೊಡಗಿದರೆ ನಿಲ್ಲಿಸಿ. ಫಲ ಕಾಣಲು ತಿಂಗಳುಗಳೇ ಬೇಕು, ವಾರದಲ್ಲಿ ಹೊಳಪು ಬರುತ್ತದೆ ಅನ್ನುವ ಜಾಹೀರಾತು ನಂಬಬೇಡಿ. ಟೋನರ್, ಕಣ್ಣಿಗೊಂದು ಕ್ರೀಮು, ಕುತ್ತಿಗೆಗೊಂದು ಕ್ರೀಮು ಇವು ಯಾವುವೂ ಬೇಕಿಲ್ಲ. ಮುಖದ ಕ್ರೀಮೇ ಕುತ್ತಿಗೆಗೂ ಆಗುತ್ತದೆ. ಕಣ್ಣಿನ ಕೆಳಗೆ ಮಾತ್ರ ಮುಲಾಮು ದಪ್ಪಗೆ ಬೇಡ, ಬಿಳಿಯ ಗಟ್ಟಿ ಗುಳ್ಳೆಗಳು ಏಳಬಹುದು.

ಹೊರಗೆ ಓಡಾಡುವವರು ಬೆಳಗಿನ ಕ್ರೀಮನ್ನೇ ಎಸ್‌ಪಿಎಫ್ 30 ಇರುವುದನ್ನು ಕೊಂಡರೆ ಒಂದು ಹಂತ ಉಳಿಯುತ್ತದೆ. ಛತ್ರಿ ಇದ್ದೇ ಇದೆ.

• ಯಾವ ಹೊಸ ವಸ್ತುವನ್ನೂ ನೇರ ಮುಖಕ್ಕೆ ಹಾಕಬೇಡಿ. ಮೊಣಕೈ ಒಳಮಡಿಕೆಯ ಹತ್ತಿರ ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ, ಒಂದು ವಾರ ಹಚ್ಚಿ ನೋಡಿ. ಒಂದೇ ದಿನದ ಪರೀಕ್ಷೆ ಸಾಲದು, ಅಲರ್ಜಿ ಕಾಣಿಸಿಕೊಳ್ಳಲು ದಿನಗಳು ಹಿಡಿಯುತ್ತವೆ. ಒಂದು ಸಲಕ್ಕೆ ಒಂದೇ ವಸ್ತು.

• ಕೊಬ್ಬರಿ ಎಣ್ಣೆ ಬೇಡವೇ ಅಂತ ಎಲ್ಲರೂ ಕೇಳುತ್ತಾರೆ. ಬೇಕು, ಆದರೆ ಸ್ನಾನದ ನಂತರ. ಎಣ್ಣೆ ಹಚ್ಚಿ, ಸೀಗೆಕಾಯಿ, ಕಡಲೆಹಿಟ್ಟಿನಿಂದ ಉಜ್ಜಿ ತೆಗೆದರೆ ಹೋಗಬೇಕಾದದ್ದರ ಜೊತೆ ಇರಬೇಕಾದದ್ದೂ ಹೋಗುತ್ತದೆ. ದೀಪಾವಳಿಯ ಎಣ್ಣೆಸ್ನಾನ ಬಿಡಿ ಅಂತ ನಾನು ಹೇಳಲಾರೆ. ತಲೆಗೆ ಸೀಗೆಪುಡಿ ಇರಲಿ, ಕಾಲಿಗೆ ಆ ತರಿಪುಡಿ ಬೇಡ, ಬಿಸಿನೀರಿನಲ್ಲಿ ಹೋದಷ್ಟು ಹೋಗಲಿ. ಬಚ್ಚಲಿನಲ್ಲಿ ಸ್ಟೂಲಿನ ಮೇಲೆ ಕೂತೇ ಸ್ನಾನ ಮಾಡಿ, ಎಣ್ಣೆ ಬಿದ್ದ ನೆಲದ ಮೇಲೆ ಸೊಂಟ ಮುರಿದುಕೊಂಡ ಹಿರಿಯರನ್ನು ನಾನು ಬಹಳ ನೋಡಿದ್ದೇನೆ. ಆಲಿವ್ ಎಣ್ಣೆ ಬೇಡ, ಅದು ಮೇಲ್ಪದರವನ್ನು ಸಡಿಲಿಸುತ್ತದೆ. ನಿಂಬೆರಸವಂತೂ ಬೇಡವೇ ಬೇಡ.

ಗಂಧದ ಸೋಪಿನ ಮಾತೂ ಬರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸಾಬೂನು ಕಾರ್ಖಾನೆಯ ಆ ಬಿಲ್ಲೆ ನಮ್ಮ ಎಷ್ಟೋ ಮನೆಗಳ ವಾಸನೆ. ಮೈ ಒಣಗದವರು ಬಳಸಲಿ. ಒಣಗುವವರು ಹಬ್ಬದ ದಿನಕ್ಕೆ, ಕಂಕುಳಿಗೆ ಇಟ್ಟುಕೊಳ್ಳಿ.

• ಬಿಳುಪು ಮಾಡುವ ಟ್ಯೂಬು ಮನೆಯಲ್ಲಿದ್ದರೆ ಇವತ್ತೇ ತೆಗೆದಿಡಿ. ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್ ಎಂಬ ಹೆಸರು ಅದರ ಮೇಲಿದ್ದರೆ ಅದು ಸ್ಟೆರಾಯ್ಡ್. ಮೊದಲ ವಾರ ಮುಖ ತಿಳಿಯಾಗಿ ಕಾಣುತ್ತದೆ, ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಮೂಡುತ್ತವೆ, ನಿಲ್ಲಿಸಿದರೆ ಉರಿ. ನಮ್ಮ ಚರ್ಮ ವಯಸ್ಸಿಗೇ ತೆಳುವಾಗಿರುತ್ತದೆ, ಬಳೆ ತಾಗಿದರೂ ಮುಂಗೈಯಲ್ಲಿ ನೀಲಿಗಟ್ಟುತ್ತದೆ. ಅದನ್ನು ಇನ್ನೂ ತೆಳ್ಳಗೆ ಮಾಡಿಕೊಳ್ಳುವುದು ಬೇಡ. ವೈದ್ಯರು ಬರೆದರೆ, ಬರೆದಷ್ಟು ದಿನ ಮಾತ್ರ.

• ಸಕ್ಕರೆ ಕಾಯಿಲೆ ಇರುವವರು ಪಾದಕ್ಕೆ ಕ್ರೀಮು ಹಚ್ಚಿ, ಬೆರಳ ಸಂದಿಗೆ ಬೇಡ. ಅಲ್ಲಿ ಒದ್ದೆ ನಿಂತರೆ ಹುಳುಕಡ್ಡಿಯ ಜಾತಿಯ ಸೋಂಕು ಬರುತ್ತದೆ. ಹಿಮ್ಮಡಿಯ ಒಡಕನ್ನು ಬ್ಲೇಡಿನಿಂದ ಕೆರೆಯುವುದು, ತೀಕ್ಷ್ಣ ಯೂರಿಯಾ ಹಚ್ಚುವುದು ವೈದ್ಯರನ್ನು ಕೇಳದೆ ಕೂಡದು. ದಿನವೂ ಹಚ್ಚುವಾಗಲೇ ಅಂಗಾಲು ನೋಡಿಕೊಂಡಂತೆಯೂ ಆಯಿತು.

• ಕ್ರೀಮು ಹಚ್ಚಿಕೊಂಡವರು ಬೆಂಕಿಯ ವಿಷಯದಲ್ಲಿ ಎಚ್ಚರವಿರಬೇಕು. ಪ್ಯಾರಾಫಿನ್ ಇರಲಿ, ಇಲ್ಲದಿರಲಿ, ಇಂಥ ಕ್ರೀಮು ಹೀರಿದ ಬಟ್ಟೆಗೆ ಕಿಡಿ ತಾಗಿದರೆ ಸಾದಾ ಬಟ್ಟೆಗಿಂತ ಬೇಗ ಹೊತ್ತಿಕೊಳ್ಳುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಇದನ್ನೇ ಎಚ್ಚರಿಸಿತು. ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ. ರಾತ್ರಿ ಹಚ್ಚಿ ಉಟ್ಟ ಸೀರೆಯಲ್ಲೇ ಬೆಳಿಗ್ಗೆ ದೇವರ ದೀಪ ಹಚ್ಚುವುದು, ಗ್ಯಾಸಿನ ಮುಂದೆ ನಿಲ್ಲುವುದು ಬೇಡ. ಮಲಗುವ ಬಟ್ಟೆ, ಹೊದಿಕೆಗಳನ್ನು ಬೇರೆಯೇ ಇಟ್ಟು ಬಿಸಿನೀರಿನಲ್ಲಿ ಆಗಾಗ ಒಗೆಸಿ. ಬೀಡಿ ಸಿಗರೇಟು ಸೇದುವ ಯಜಮಾನರು ಹಾಸಿಗೆಯಲ್ಲಿ ಸೇದಲೇಬಾರದು.

• ಇಷ್ಟು ಮಾಡಿ ಮೂರು ನಾಲ್ಕು ವಾರಕ್ಕೂ ನವೆ ತಗ್ಗದಿದ್ದರೆ ಸೋಪು, ಕ್ರೀಮು ಬದಲಿಸುತ್ತಾ ಕೂರಬೇಡಿ. ಥೈರಾಯ್ಡ್, ಮೂತ್ರಪಿಂಡ, ಯಕೃತ್ತಿನ ತೊಂದರೆಗಳೂ ಮೈ ನವೆಗೆ ಕಾರಣ, ಬಿಪಿಗೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಗಳೂ ಚರ್ಮ ಒಣಗಿಸಬಹುದು. ನವೆ ರಾತ್ರಿಯೇ ಜಾಸ್ತಿಯಾಗಿ ಬೆರಳ ಸಂದಿ, ಹೊಕ್ಕುಳ ಸುತ್ತ ಗುಳ್ಳೆ ಎದ್ದು ಮನೆಯ ಉಳಿದವರೂ ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿಯಾಗಿರಬಹುದು. ನವೆಯ ಜೊತೆ ಬಿಗಿಯಾದ ನೀರುಗುಳ್ಳೆಗಳು ಎದ್ದರೆ, ಹುಣ್ಣು ತಿಂಗಳಾದರೂ ಮಾಯದಿದ್ದರೆ, ಮಚ್ಚೆಯ ಬಣ್ಣ ಆಕಾರ ಬದಲಾದರೆ ಅದೇ ವಾರ ಚರ್ಮವೈದ್ಯರ ಹತ್ತಿರ ಹೋಗಿ.

ಹೋಗುವಾಗ ಗೂಡಿನಲ್ಲಿರುವ ಸೋಪು, ಎಣ್ಣೆ, ಟ್ಯೂಬು, ಡಬ್ಬಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ, ನುಂಗುವ ಮಾತ್ರೆಗಳ ಚೀಟಿಯೂ ಜೊತೆಗಿರಲಿ. ಹಣೆಗೆ ಇಡುವ ಸ್ಟಿಕರ್ ಬಿಂದಿಯ ಪೊಟ್ಟಣವನ್ನೂ ಮರೆಯಬೇಡಿ, ಅದರ ಅಂಟಿನಿಂದ ಹಣೆಯಲ್ಲಿ ಬಿಳಿ ಮಚ್ಚೆ ಬೀಳುವುದುಂಟು. ಕೂದಲಿಗೆ ಬಣ್ಣ ಹಾಕುತ್ತಿದ್ದರೆ ಅದನ್ನೂ ಹೇಳಿ. "ಏನು ಹಚ್ಚುತ್ತೀರಿ?" ಅಂದಾಗ ನಾವೆಲ್ಲ "ಏನೂ ಇಲ್ಲ ಡಾಕ್ಟ್ರೇ" ಅಂತಲೇ ಶುರುಮಾಡುತ್ತೇವೆ. ಚೀಲ ಮೇಜಿನ ಮೇಲಿದ್ದರೆ ಅವರೇ ಒಂದೊಂದನ್ನೂ ಎತ್ತಿ ನೋಡುತ್ತಾರೆ.